ಹಲಸೂರಿನ ಏಕಾದಶಿ ನ್ಯೂಜೆರ್ಸಿಗೆ ಎಂದು?

ಕೆ.ಆರ್. ಪುರದಲ್ಲಿ ಸೂರ್ಯ ಮೂಡಿದ ಸುಮಾರು 20 ಸೆಕೆಂಡುಗಳ ನಂತರ ಶಿವಾಜಿನಗರದಲ್ಲಿ ಮೂಡುತ್ತಾನೆ. ಈ ಅಂತರವನ್ನು ಯಾವ ಪಂಚಾಂಗವೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿಯಬೇಕಾಗಿಯೂ ಇಲ್ಲ. ಬೆಂಗಳೂರಿನಲ್ಲಿ ಇಡೀ ವರ್ಷದ ಸೂರ್ಯೋದಯಗಳನ್ನು ಸಾಲಾಗಿ ಇಟ್ಟು ನೋಡಿದರೂ ಅತಿ ಬೇಗ ಎಂದರೆ 6 ಗಂಟೆಗೆ ಏಳೆಂಟು ನಿಮಿಷ ಮೊದಲು, ಅತಿ ತಡ ಎಂದರೆ ಆರೂಮುಕ್ಕಾಲು. ಒಂದು ಗಂಟೆಯೊಳಗೆ ಎಲ್ಲವೂ ಮುಗಿಯುತ್ತದೆ. ಹೀಗಾಗಿ ನಮ್ಮ ಊರಿನವರಿಗೆ ಸೂರ್ಯೋದಯವೆಂಬುದು ಗಡಿಯಾರದ 6 ಗಂಟೆಗೆ ಇನ್ನೊಂದು ಹೆಸರು. ವ್ರತದ ದಿನ ಯಾವುದು ಎಂಬ ಪ್ರಶ್ನೆಗೆ ಗೋಡೆಯ ಕ್ಯಾಲೆಂಡರಿನ ಚೌಕವೇ ಉತ್ತರ.

ಈ ಅಭ್ಯಾಸ ಊರಿನೊಳಗೆ ಯಾರಿಗೂ ತೊಂದರೆ ಕೊಡಲಿಲ್ಲ. ಆದರೆ ಹಲಸೂರು, ಇಂದಿರಾನಗರಗಳ ಎಷ್ಟೋ ಮನೆಗಳ ಮಕ್ಕಳು ಇಂದು ನ್ಯೂಜೆರ್ಸಿ, ಲಂಡನ್, ಸಿಡ್ನಿಗಳಲ್ಲಿದ್ದಾರೆ. ಮನೆಯ ಹಿರಿಯರು ವಾಟ್ಸ್‌ಆ್ಯಪ್‌ ಗುಂಪಿಗೆ ಕಳುಹಿಸುವ "ಇಂದು ಏಕಾದಶಿ" ಎಂಬ ಚಿತ್ರ, ದೇವಸ್ಥಾನದವರು ಹಾಕುವ ಪಾರಣೆಯ ಸಮಯ, ಮಸೀದಿಯ ಸಹರಿ-ಇಫ್ತಾರ್ ಪಟ್ಟಿ ಎಲ್ಲವೂ ಕ್ಷಣಾರ್ಧದಲ್ಲಿ ಸಮುದ್ರ ದಾಟುತ್ತವೆ. ಸೂರ್ಯೋದಯ ಮಾತ್ರ ಅವುಗಳ ಜೊತೆ ಹೋಗುವುದಿಲ್ಲ. ಇದರಿಂದ ಏನಾಗುತ್ತದೆ ಎಂಬುದನ್ನು ತಿಳಿಯಲು 2025ರ ಜನವರಿಯ ವೈಕುಂಠ ಏಕಾದಶಿಯಷ್ಟು ಒಳ್ಳೆಯ ಉದಾಹರಣೆ ಸಿಗಲಾರದು.

ದೃಗ್ಗಣಿತ ಪಂಚಾಂಗದ ಪ್ರಕಾರ ಆ ಏಕಾದಶಿ ತಿಥಿ ಭಾರತೀಯ ಕಾಲಮಾನದಲ್ಲಿ ಜನವರಿ 9, ಗುರುವಾರ ಮಧ್ಯಾಹ್ನ 12.22ಕ್ಕೆ ಆರಂಭವಾಗಿ, 10ರ ಶುಕ್ರವಾರ ಬೆಳಿಗ್ಗೆ 10.19ಕ್ಕೆ ಮುಗಿಯಿತು. ಅಲ್ಲಿಂದ ಮುಂದೆ ದ್ವಾದಶಿ. ಅದು ಮುಗಿದದ್ದು 11ರ ಶನಿವಾರ ಬೆಳಿಗ್ಗೆ 8.21ಕ್ಕೆ. ಬೆಂಗಳೂರಿನಲ್ಲಿ 10ರಂದು ಸೂರ್ಯೋದಯ ಸುಮಾರು 6.44ಕ್ಕೆ. ಆ ಹೊತ್ತಿಗೆ ಏಕಾದಶಿ ಇತ್ತು, ಆದ್ದರಿಂದ ಶುಕ್ರವಾರ ಉಪವಾಸ. ಮರುದಿನ ಸೂರ್ಯೋದಯದಿಂದ 8.21ರೊಳಗೆ ಪಾರಣೆ. ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿರುವುದನ್ನು ಗಮನಿಸಬೇಕು. ತಿಥಿ ಎಂಬುದು ಆಕಾಶದ ಘಟನೆ. ಚಂದ್ರನು ಸೂರ್ಯನಿಂದ 12 ಡಿಗ್ರಿ ಮುಂದೆ ಸರಿದಾಗ ಒಂದು ತಿಥಿ ಮುಗಿಯುತ್ತದೆ. ಅದು ಮುಗಿಯುವ ಕ್ಷಣ ಹಲಸೂರಿಗೂ ನ್ಯೂಜೆರ್ಸಿಗೂ ಒಂದೇ. ಗಡಿಯಾರದಲ್ಲಿ ಅದನ್ನು ಓದುವ ಅಂಕಿ ಮಾತ್ರ ಬೇರೆ. ಆದರೆ ವ್ರತದ ದಿನವನ್ನು ತೀರ್ಮಾನಿಸುವುದು ತಿಥಿಯಲ್ಲ. ಸೂರ್ಯೋದಯದ ಹೊತ್ತಿನಲ್ಲಿ ಯಾವ ತಿಥಿ ಇದೆ ಎಂಬುದು. ಸೂರ್ಯೋದಯವಾದರೋ ನಿಂತ ನೆಲಕ್ಕೆ ಸೇರಿದ್ದು. ಒಂದು ಲೋಕಕ್ಕೆಲ್ಲ ಸಮಾನ, ಇನ್ನೊಂದು ಊರಿಗೊಂದು. ಮೊದಲನೆಯದನ್ನು ಗಡಿಯಾರದ ವ್ಯತ್ಯಾಸ ಕೂಡಿ ಕಳೆದು ಬದಲಿಸಿಕೊಳ್ಳಬಹುದು. ಎರಡನೆಯದನ್ನು ಹಾಗೆ ಬದಲಿಸಲು ಬರುವುದಿಲ್ಲ, ಹೊಸದಾಗಿಯೇ ನೋಡಬೇಕು. ತಪ್ಪುಗಳೆಲ್ಲ ಹುಟ್ಟುವುದು ಈ ಭೇದ ಮರೆತಾಗ.

ಹಲಸೂರಿನ ಒಂದು ಮಾಧ್ವ ಕುಟುಂಬವನ್ನು ಊಹಿಸಿಕೊಳ್ಳೋಣ. ತಾಯಿ ಇಲ್ಲಿ, ಮಗಳು ನ್ಯೂಜೆರ್ಸಿಯಲ್ಲಿ, ಮಗ ಲಂಡನ್ನಿನಲ್ಲಿ. ತಾಯಿ ಶುಕ್ರವಾರ ಬೆಳಗಿನ ಜಾವ 5.30ಕ್ಕೆ ಎದ್ದು "ಇಂದು ವೈಕುಂಠ ಏಕಾದಶಿ, ನಾಳೆ 6.44ರಿಂದ 8.21ರೊಳಗೆ ಪಾರಣೆ" ಎಂದು ಕಳುಹಿಸುತ್ತಾರೆ.

ಅದೇ ಕ್ಷಣ ನ್ಯೂಜೆರ್ಸಿಯಲ್ಲಿ ಗುರುವಾರ ಸಂಜೆ 7 ಗಂಟೆ. ಚಳಿಗಾಲದಲ್ಲಿ ಆ ಊರು ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿನ ಗಡಿಯಾರದಲ್ಲಿ ಏಕಾದಶಿ ಆರಂಭವಾದದ್ದು ಗುರುವಾರ ನಸುಕಿನ 1.52ಕ್ಕೆ, ಮುಗಿಯುವುದು ಅದೇ ಗುರುವಾರ ರಾತ್ರಿ 11.49ಕ್ಕೆ. ಗುರುವಾರ ಬೆಳಿಗ್ಗೆ 7.20ರ ಸುಮಾರಿಗೆ ಅಲ್ಲಿ ಸೂರ್ಯ ಮೂಡಿದಾಗ ಏಕಾದಶಿ ಇತ್ತು. ಆದ್ದರಿಂದ ಮಗಳ ಉಪವಾಸದ ದಿನ ಗುರುವಾರವೇ. ತಾಯಿಯ ಸಂದೇಶ ಕೈಸೇರುವ ಹೊತ್ತಿಗೆ ಆಕೆ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಮುಗಿಸಿ ರಾತ್ರಿಯ ಅಡುಗೆಗೆ ನಿಂತಿರುತ್ತಾಳೆ.

ಇಷ್ಟಕ್ಕೇ ನಿಂತರೆ ಒಂದು ಉಪವಾಸ ತಪ್ಪಿತು ಎನ್ನಬಹುದು. ಆದರೆ ಭಕ್ತಿಯುಳ್ಳ ಮಗಳು ಅಮ್ಮನ ಮಾತನ್ನು ಪಾಲಿಸಲು ಮರುದಿನ, ಶುಕ್ರವಾರ ಉಪವಾಸ ಮಾಡುತ್ತಾಳೆ. ನ್ಯೂಜೆರ್ಸಿಯಲ್ಲಿ ಅದು ಗುರುವಾರ ನಡುರಾತ್ರಿಯ ಮುನ್ನವೇ ಹುಟ್ಟಿ ಶುಕ್ರವಾರ ರಾತ್ರಿ 9.51ರವರೆಗೂ ಇದ್ದ ದ್ವಾದಶಿ. ಅಂದರೆ ಊಟ ಮಾಡಲೇಬೇಕಾದ ದಿನ ಆಕೆ ಉಪವಾಸವಿದ್ದಳು. ಶನಿವಾರ ಬೆಳಿಗ್ಗೆ 6.44ಕ್ಕೆ, ಇನ್ನೂ ಕತ್ತಲಿರುವಾಗಲೇ ಎದ್ದು, ತ್ರಯೋದಶಿಯಲ್ಲಿ ಪಾರಣೆ ಮಾಡಿದಳು. ಅಂಕಿಗಳನ್ನು ಹಾಗೆಯೇ ಓದದೆ ಗಡಿಯಾರದ ವ್ಯತ್ಯಾಸ ಕಳೆದು ನೋಡುವಷ್ಟು ಜಾಣೆಯಾಗಿದ್ದರೆ ಇನ್ನೂ ವಿಚಿತ್ರ: ಪಾರಣೆಯ ವೇಳೆ ಶುಕ್ರವಾರ ರಾತ್ರಿ 8.14ರಿಂದ 9.51 ಎಂದು ಬರುತ್ತದೆ. ಪಾರಣೆ ಪ್ರಾತಃಕಾಲದ ವಿಧಿಯೆಂಬುದನ್ನು ಬಲ್ಲವರಿಗೆ ಈ ಅಂಕಿಯನ್ನು ನೋಡಿದೊಡನೆ ಎಲ್ಲೋ ಎಡವಿದ್ದೇವೆ ಎಂದು ಹೊಳೆಯಬೇಕು. 8.21 ಎಂಬ ದ್ವಾದಶಿಯ ಅಂತ್ಯವನ್ನು 9.51 ಎಂದು ಬದಲಿಸಿದ್ದು ಸರಿ, 6.44 ಎಂಬ ಹಲಸೂರಿನ ಸೂರ್ಯೋದಯವನ್ನು ಬದಲಿಸಿದ್ದು ತಪ್ಪು. ಆಕೆ ಗುರುವಾರ ಉಪವಾಸವಿದ್ದು, ಶುಕ್ರವಾರ ತನ್ನ ಊರಿನ ಸೂರ್ಯೋದಯವಾದ ಮೇಲೆ, ಏಳೂಕಾಲು ದಾಟಿದ ನಂತರ ಪಾರಣೆ ಮಾಡಬೇಕಿತ್ತು.

ಲಂಡನ್ನಿನ ಮಗನ ಸ್ಥಿತಿ ಇನ್ನೂ ಸ್ವಾರಸ್ಯಕರ. ಅಲ್ಲಿ ಏಕಾದಶಿ ಆರಂಭವಾದದ್ದು ಗುರುವಾರ ಬೆಳಿಗ್ಗೆ 6.52ಕ್ಕೆ, ಮುಗಿದದ್ದು ಶುಕ್ರವಾರ ನಸುಕಿನ 4.49ಕ್ಕೆ. ಜನವರಿಯ ಲಂಡನ್ನಿನಲ್ಲಿ ಸೂರ್ಯ ಮೂಡುವುದು 8 ಗಂಟೆ ದಾಟಿದ ಮೇಲೆ. 9ರಂದು ಸುಮಾರು 8.03ಕ್ಕೆ. ಗುರುವಾರ ಸೂರ್ಯೋದಯಕ್ಕೆ ಏಕಾದಶಿ ಇದೆ, ಶುಕ್ರವಾರದ ಸೂರ್ಯೋದಯಕ್ಕೆ ಇಲ್ಲ. ಸೂರ್ಯೋದಯವನ್ನಷ್ಟೇ ನೋಡುವ ಸ್ಮಾರ್ತರಿಗೆ ಗುರುವಾರವೇ ಏಕಾದಶಿ. ಆದರೆ ಮಾಧ್ವರು ಸೂರ್ಯೋದಯಕ್ಕೆ ನಾಲ್ಕು ಗಳಿಗೆ ಮೊದಲಿನ ಅರುಣೋದಯವನ್ನು ನೋಡುತ್ತಾರೆ. ಗಳಿಗೆಗೆ 24 ನಿಮಿಷದಂತೆ ಅದು 96 ನಿಮಿಷ. ಲಂಡನ್ನಿನಲ್ಲಿ ಅಂದಿನ ಅರುಣೋದಯ 6.27. ಆಗ ಇನ್ನೂ ದಶಮಿ ಇತ್ತು, ಇನ್ನೂ 25 ನಿಮಿಷ ಇತ್ತು. ದಶಮಿಯ ವೇಧವಿರುವ ಏಕಾದಶಿ ಮಾಧ್ವರಿಗೆ ಉಪವಾಸಕ್ಕೆ ಸಲ್ಲದು. ಅವರ ಉಪವಾಸ ಮರುದಿನ, ದ್ವಾದಶಿಯಂದು. ಹೀಗಾಗಿ ಮಗನ ಉಪವಾಸ ಶುಕ್ರವಾರ, ತಾಯಿಯಂತೆಯೇ. ಅವನ ಪಕ್ಕದ ಮನೆಯ ಸ್ಮಾರ್ತ ಗೆಳೆಯನದು ಗುರುವಾರ, ನ್ಯೂಜೆರ್ಸಿಯ ತಂಗಿಯಂತೆ.

ಆ ಗೆಳೆಯನಿಗೆ ಇನ್ನೊಂದು ತೊಡಕೂ ಇತ್ತು. ದ್ವಾದಶಿಯ ಮೊದಲ ಕಾಲುಭಾಗವನ್ನು ಹರಿವಾಸರವೆಂದು ಕರೆದು ಆ ಅವಧಿಯಲ್ಲಿ ಪಾರಣೆ ಮಾಡದಿರುವುದು ರೂಢಿ. ಈ ದ್ವಾದಶಿಯ ಉದ್ದ 22 ಗಂಟೆ 2 ನಿಮಿಷ. ಕಾಲುಭಾಗವೆಂದರೆ ಸುಮಾರು ಐದೂವರೆ ಗಂಟೆ. ಬೆಂಗಳೂರಿನಲ್ಲಿ ಅದು ಶುಕ್ರವಾರ ಮಧ್ಯಾಹ್ನ 3.50ರ ಹೊತ್ತಿಗೆ ಮುಗಿದುಹೋದದ್ದರಿಂದ ಶನಿವಾರದ ಪಾರಣೆಗೆ ಅಡ್ಡ ಬರಲಿಲ್ಲ. ಲಂಡನ್ನಿನಲ್ಲಿ ಅದೇ ಕ್ಷಣ ಶುಕ್ರವಾರ ಬೆಳಿಗ್ಗೆ 10.20. ಸೂರ್ಯ ಮೂಡಿ ಎರಡು ಗಂಟೆ ಕಳೆದರೂ ಅವನು ಕಾಯಬೇಕು. ಬೆಂಗಳೂರಿನ ಪಾರಣೆಯ ಸೂಚನೆಯಲ್ಲಿ "ಇಷ್ಟರೊಳಗೆ" ಎಂಬ ಅವಸರವಿದ್ದರೆ, ಅವನಿಗೆ ಬೇಕಾದದ್ದು "ಇಷ್ಟಾದ ಮೇಲೆ" ಎಂಬ ತಾಳ್ಮೆಯ ಸೂಚನೆ.

ದೂರ ಹೆಚ್ಚಿದಂತೆ ತೊಡಕು ಹೆಚ್ಚುತ್ತದೆ ಎಂದು ಭಾವಿಸಬಾರದು. ಸಿಡ್ನಿ ನಮಗಿಂತ ಐದೂವರೆ ಗಂಟೆ ಮುಂದಿದ್ದರೂ ಅಂದು ಅಲ್ಲಿ ಎಲ್ಲವೂ ಬೆಂಗಳೂರಿನಂತೆಯೇ ಇತ್ತು: ಶುಕ್ರವಾರ ಉಪವಾಸ, ಶನಿವಾರ ಬೆಳಿಗ್ಗೆ ಪಾರಣೆ, ಅದೂ ಮಧ್ಯಾಹ್ನ 1.51ರವರೆಗೆ ನಿಧಾನವಾಗಿ. ಬರಿಯ ಒಂದೂವರೆ ಗಂಟೆ ಹಿಂದಿರುವ ದುಬೈಯಲ್ಲಿ ಉಪವಾಸದ ದಿನ ಶುಕ್ರವಾರವೇ ಆದರೂ ಶನಿವಾರ ದ್ವಾದಶಿ 6.51ಕ್ಕೇ ಮುಗಿಯಿತು, ಸೂರ್ಯ ಮೂಡಿದ್ದು 7.05ರ ಸುಮಾರಿಗೆ. ಪಾರಣೆಯ ಅವಧಿ ಬೆಳಗಾಗುವ ಮುನ್ನವೇ ಮುಗಿದುಹೋದ ಪ್ರಸಂಗ. ಇಂಥಲ್ಲಿ ಏನು ಮಾಡಬೇಕೆಂಬುದು ಅವರವರ ಮಠದವರು ಹೇಳಬೇಕಾದ ಮಾತು. ಫಾರ್ವರ್ಡ್ ಆದ ಚಿತ್ರ ಹೇಳುವಂಥದ್ದಲ್ಲ.

ಮೇಲಿನ ಲೆಕ್ಕಕ್ಕೆ ಒಂದು ಮಿತಿಯಿದೆ. ಇದು ದೃಗ್ಗಣಿತದ ಲೆಕ್ಕ. ಹಳೆಯ ಸಿದ್ಧಾಂತ ಅಥವಾ ವಾಕ್ಯ ಪದ್ಧತಿಯ ಪಂಚಾಂಗಗಳಲ್ಲಿ ತಿಥಿಯ ಅಂತ್ಯ ಕೆಲವೊಮ್ಮೆ ಗಂಟೆಗಳಷ್ಟೇ ಆಚೀಚೆ ಆಗುತ್ತದೆ. ನ್ಯೂಜೆರ್ಸಿಯಲ್ಲಿ ಏಕಾದಶಿಗೂ ಸೂರ್ಯೋದಯಕ್ಕೂ ಐದೂವರೆ ಗಂಟೆಯ ಅಂತರವಿದ್ದುದರಿಂದ ಅಲ್ಲಿನ ದಿನ ಸುಲಭವಾಗಿ ಬದಲಾಗದು. ಲಂಡನ್ನಿನಲ್ಲಿ ಎಲ್ಲವೂ 25 ನಿಮಿಷದ ಮೇಲೆ ನಿಂತಿತ್ತು. ಅಂತರ ಕಿರಿದಾದಲ್ಲೆಲ್ಲ ಯಾವ ಪಂಚಾಂಗದಿಂದ ತೆಗೆದ ಸಮಯ ಎಂಬುದನ್ನು ಹೇಳದ ಸಂದೇಶ ಅಪೂರ್ಣ. ಹಾಗೆಯೇ ಅಚ್ಚಾದ ಪಂಚಾಂಗದ ಗಳಿಗೆ-ವಿಘಳಿಗೆಗಳನ್ನು ಕಳುಹಿಸಿ ಪ್ರಯೋಜನವಿಲ್ಲ. ಬೆಂಗಳೂರಿನಲ್ಲಿ ಅಂದು ಏಕಾದಶಿ 9 ಗಳಿಗೆಯಷ್ಟಿತ್ತು ಎಂದರೆ ಇಲ್ಲಿನ ಸೂರ್ಯೋದಯದಿಂದ 9 ಗಳಿಗೆ. ಪರಊರಿನ ಸೂರ್ಯೋದಯದಿಂದ ಅದನ್ನೇ ಎಣಿಸಿದರೆ ತಿಥಿಯೇ ಬೇರೆಡೆಗೆ ಹೋಗಿಬಿಡುತ್ತದೆ.

ರಾಹುಕಾಲದ ವಿಷಯವನ್ನು ಕೈಬಿಡುವುದೇ ಒಳ್ಳೆಯದು ಎಂದುಕೊಂಡಿದ್ದೆ. ಆದರೂ ಒಂದು ಮಾತು. ಗುರುವಾರ ಒಂದೂವರೆಯಿಂದ ಮೂರು ಎಂಬ ನಮ್ಮ ಬಾಯಿಪಾಠ ಆರರಿಂದ ಆರರವರೆಗಿನ ಹಗಲನ್ನು ಎಂಟು ಭಾಗ ಮಾಡಿದ್ದು. ಜನವರಿಯ ಲಂಡನ್ನಿನಲ್ಲಿ ಹಗಲೇ ಎಂಟು ಗಂಟೆಗಿಂತ ತುಸು ಹೆಚ್ಚು. ಒಂದು ಭಾಗಕ್ಕೆ ಬರುವುದು ಒಂದು ಗಂಟೆ ಮಾತ್ರ. ಅಂದಿನ ರಾಹುಕಾಲ ಅಲ್ಲಿ ಸುಮಾರು 1.08ರಿಂದ 2.09. ಹಲಸೂರಿನ ರಾಹುವಿಗೆ ಹೆದರಿ ಅಲ್ಲಿ ಯಾರಾದರೂ ಮೂರರವರೆಗೆ ಕಾದಿದ್ದರೆ, ಸೂರ್ಯ ಮುಳುಗಲು ಉಳಿದಿದ್ದದ್ದು ಒಂದು ಗಂಟೆ ಚಿಲ್ಲರೆ.

ಹಾಗಾದರೆ ಸಂದೇಶವನ್ನು ಯಾವಾಗ ಕಳುಹಿಸಬೇಕು? ಏಕಾದಶಿಯ ಉಪವಾಸಕ್ಕೆ ತಯಾರಿ ಹಿಂದಿನ ದಿನವೇ ಆರಂಭವಾಗುತ್ತದೆ. ದಶಮಿಯ ರಾತ್ರಿ ಊಟ ಬಿಡುವವರಿದ್ದಾರೆ. ನ್ಯೂಜೆರ್ಸಿಯ ಉಪವಾಸ ಗುರುವಾರ ಎಂದಾದರೆ ಅಲ್ಲಿನವರಿಗೆ ಬುಧವಾರ ಬೆಳಿಗ್ಗೆಯೇ ವಿಷಯ ತಿಳಿದಿರಬೇಕು. ಅಲ್ಲಿನ ಬುಧವಾರ ಬೆಳಿಗ್ಗೆ ಎಂದರೆ ಇಲ್ಲಿನ ಬುಧವಾರ ಸಂಜೆ. ಜನವರಿ 8ರ ರಾತ್ರಿ 8 ಗಂಟೆಗೆ ಹಲಸೂರಿನಿಂದ ಹೊರಟ ಸಂದೇಶ ನ್ಯೂಜೆರ್ಸಿಗೆ ಬೆಳಿಗ್ಗೆ 9.30ಕ್ಕೆ, ಕ್ಯಾಲಿಫೋರ್ನಿಯಕ್ಕೆ 6.30ಕ್ಕೆ, ಲಂಡನ್ನಿಗೆ ಮಧ್ಯಾಹ್ನ 2.30ಕ್ಕೆ ತಲುಪುತ್ತಿತ್ತು. ಸಿಡ್ನಿಯಲ್ಲಿ ನಡುರಾತ್ರಿ ಒಂದೂವರೆಯಾದರೂ ಅವರಿಗೆ ಇನ್ನೂ ಇಡೀ ಒಂದು ದಿನ ಕೈಯಲ್ಲಿತ್ತು. ಅಂದರೆ ಬೆಂಗಳೂರಿನ ಏಕಾದಶಿಗೆ ಎರಡು ದಿನ ಮುಂಚಿನ ಸಂಜೆ. ಇಲ್ಲಿನ ಅಡುಗೆಮನೆಯಲ್ಲಿ ಏಕಾದಶಿಯ ಮಾತೇ ಎದ್ದಿರದ ಹೊತ್ತು ಅದು, ಆದ್ದರಿಂದಲೇ ನೆನಪಾಗುವುದಿಲ್ಲ. ಬೆಳಗಿನ ಜಾವ ಸ್ನಾನ ಮುಗಿಸಿ, ದೀಪ ಹಚ್ಚಿ, ಆ ಉತ್ಸಾಹದಲ್ಲಿ ಕಳುಹಿಸುವ ಸಂದೇಶ ಅಮೆರಿಕಕ್ಕೆ ಯಾವಾಗಲೂ ತಡವೇ.

ಸಂದೇಶದೊಳಗೆ "ಇಂದು", "ನಾಳೆ" ಎಂಬ ಪದಗಳು ಇರಲೇಬಾರದು. ಫಾರ್ವರ್ಡ್ ಆದ ಚಿತ್ರಕ್ಕೆ ತನ್ನ ಹುಟ್ಟಿದ ದಿನ ನೆನಪಿರುವುದಿಲ್ಲ. ವಾರ, ತಾರೀಖು, ಊರು ಮೂರನ್ನೂ ಬರೆಯಬೇಕು: "ಏಕಾದಶಿ ಉಪವಾಸ: ನ್ಯೂಜೆರ್ಸಿ, ಗುರುವಾರ, ಜನವರಿ 9. ಪಾರಣೆ: ಶುಕ್ರವಾರ, ಜನವರಿ 10, ಅಲ್ಲಿನ ಸೂರ್ಯೋದಯದ ನಂತರ. ದ್ವಾದಶಿ ಮುಗಿಯುವುದು ಅಲ್ಲಿನ ಗಡಿಯಾರದಲ್ಲಿ ಶುಕ್ರವಾರ ರಾತ್ರಿ 9.51." ಲಂಡನ್ನಿಗೆ ಬೇರೆ ಸಾಲು, ಅದರಲ್ಲಿ ಸ್ಮಾರ್ತರಿಗೊಂದು ಮಾಧ್ವರಿಗೊಂದು. ಹತ್ತು ಊರುಗಳನ್ನು ಒಂದೇ ಚಿತ್ರದಲ್ಲಿ ತುರುಕುವುದಕ್ಕಿಂತ ಊರಿಗೊಂದು ಸಂದೇಶ ಕಳುಹಿಸುವುದು ಲೇಸು. ಸಣ್ಣ ಅಕ್ಷರದ ಪಟ್ಟಿಯಲ್ಲಿ ಮೊದಲ ಸಾಲನ್ನೇ ಎಲ್ಲರೂ ತಮ್ಮದೆಂದು ಓದುತ್ತಾರೆ. ಬಂದ ಸಂದೇಶ ನಂಬಲರ್ಹವೇ ಎಂದು ಪರೀಕ್ಷಿಸುವುದೂ ಸುಲಭ. ಪಾರಣೆ ಆರಂಭವಾಗುವ ಸಮಯವನ್ನು ನಿಮ್ಮ ಊರಿನ ಸೂರ್ಯೋದಯದೊಂದಿಗೆ ಹೋಲಿಸಿ. ಅದಕ್ಕಿಂತ ಮೊದಲಿದ್ದರೆ ಬೆಂಗಳೂರಿನ ಅಂಕಿಯನ್ನು ಹಾಗೆಯೇ ಎತ್ತಿ ಹಾಕಿರುವ ಸಾಧ್ಯತೆ ಹೆಚ್ಚು. ಸಂಜೆಯೋ ರಾತ್ರಿಯೋ ಆಗಿದ್ದರೆ ಯಾರೋ ಸೂರ್ಯೋದಯವನ್ನೂ ಗಡಿಯಾರದಂತೆ ಕಳೆದಿದ್ದಾರೆ.

ನೇರ ಪ್ರಸಾರದ ವಿಷಯ ಬೇರೆ. ಅದು ಸೂಚನೆಯಲ್ಲ, ದರ್ಶನ. ಶುಕ್ರವಾರ ನಸುಕಿನ 4ಕ್ಕೆ ಇಲ್ಲಿ ವೈಕುಂಠದ್ವಾರ ತೆರೆದರೆ ನ್ಯೂಜೆರ್ಸಿಯಲ್ಲಿ ಗುರುವಾರ ಸಂಜೆ 5.30. ಉಪವಾಸವಿದ್ದ ಮಗಳು ತನ್ನದೇ ಏಕಾದಶಿಯ ಸಂಜೆ, ದೀಪ ಹಚ್ಚಿಟ್ಟು, ಹಲಸೂರಿನ ದ್ವಾರ ತೆರೆಯುವುದನ್ನು ನೋಡಬಹುದು. ದಿನ ಬೇರೆಯಾದರೂ ತಿಥಿ ಒಂದೇ. ಇಬ್ಬರ ಪಾಲಿಗೂ ಅದು ಏಕಾದಶಿಯೇ. ಪ್ರಸಾರದ ವೇಳೆಯನ್ನು ಯೂಟ್ಯೂಬ್ ನೋಡುಗರ ಊರಿನ ಗಡಿಯಾರಕ್ಕೆ ತಾನೇ ಬದಲಿಸಿ ತೋರಿಸುತ್ತದೆ. ಆದರೆ ಅದರ ಮೇಲೆ ಅಂಟಿಸಿದ ಚಿತ್ರದಲ್ಲಿ "ಬೆಳಿಗ್ಗೆ 4ಕ್ಕೆ" ಎಂದಿದ್ದರೆ ಅದು ಬದಲಾಗದು. ಒಂದೇ ಪರದೆಯಲ್ಲಿ ಎರಡು ಸಮಯ ಕಂಡ ನೋಡುಗ ತಪ್ಪಾದದ್ದನ್ನೇ ನಂಬುವುದು ಸಾಮಾನ್ಯ.

ಶಿವಾಜಿನಗರದ ರಂಜಾನ್ ಪಟ್ಟಿಗಳಿಗೆ ಇದೇ ಸಮಸ್ಯೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಅಲ್ಲಿ ಉಪವಾಸ ಹಿಡಿಯುವುದು ಸೂರ್ಯೋದಯಕ್ಕಲ್ಲ, ಅದಕ್ಕೂ ಒಂದು ಗಂಟೆಗಿಂತ ಹೆಚ್ಚು ಮೊದಲಿನ ಮೊದಲ ಬೆಳಕಿಗೆ, ಬಿಡುವುದು ಸೂರ್ಯಾಸ್ತಕ್ಕೆ. ಇಫ್ತಾರ್ ಸಮಯವನ್ನು ಬೇರೆ ಊರಿಗೆ ಬದಲಿಸಿ ಕಳುಹಿಸುವ ತಪ್ಪನ್ನು ಯಾರೂ ಮಾಡುವುದಿಲ್ಲ. ಪ್ರತಿ ಊರಿಗೂ ಅದರದೇ ಪಟ್ಟಿ ಬೇಕೆಂಬುದು ಅಲ್ಲಿ ಮೊದಲಿನಿಂದಲೂ ಗೊತ್ತಿರುವ ಸಂಗತಿ. ತೊಡಕು ಬರುವುದು ಎಣಿಕೆಯಲ್ಲಿ. 2025ರಲ್ಲಿ ಭಾರತದಲ್ಲಿ ಮೊದಲ ಉಪವಾಸ ಮಾರ್ಚ್ 2ರಂದು, ಸೌದಿಯಲ್ಲಿ ಮಾರ್ಚ್ 1ರಂದು. ಇಲ್ಲಿಂದ ಹೊರಡುವ "ಐದನೆಯ ರೋಜಾ" ಎಂಬ ಶುಭಾಶಯ ಅಲ್ಲಿ ತೆರೆದುಕೊಳ್ಳುವುದು ಆರನೆಯದರಂದು. ಅದರ ಜೊತೆಗೆ ಆ ವರ್ಷ ಮಾರ್ಚ್ 9ರಂದು ಅಮೆರಿಕದ ಗಡಿಯಾರಗಳು ಒಂದು ಗಂಟೆ ಮುಂದೆ ಹೋದವು. ನ್ಯೂಯಾರ್ಕಿನಲ್ಲಿ 8ರಂದು ಆರಕ್ಕೆ ಮೊದಲೇ ಆಗಿದ್ದ ಇಫ್ತಾರ್ 9ರಂದು ಏಳರ ಹತ್ತಿರಕ್ಕೆ ಸರಿಯಿತು. ಇಲ್ಲಿ ಸಂಜೆ ಆರೂವರೆಗೆ ನಡೆಯುವ ಪ್ರಸಾರವನ್ನು ಅಲ್ಲಿ ಬೆಳಿಗ್ಗೆ 8ಕ್ಕೆ ನೋಡುತ್ತಿದ್ದವರಿಗೆ ಅದು 9ಕ್ಕೆ ಬಂತು. ನಮ್ಮಲ್ಲಿ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲವಾದ್ದರಿಂದ ಇಲ್ಲಿ ಕುಳಿತು ಕಳುಹಿಸುವವರಿಗೆ ಇದು ಹೊಳೆಯುವುದೇ ಇಲ್ಲ. ಬ್ರಿಟನ್ನಿನ ಗಡಿಯಾರ ಬದಲಾದದ್ದು ಮಾರ್ಚ್ 30ರಂದು. ಅಲ್ಲಿ ಅನೇಕರು ಈದ್ ಆಚರಿಸಿದ ದಿನವೂ ಅದೇ. ಭಾರತದಲ್ಲಿ ಈದ್ ಮರುದಿನ.

"ನಾವು ಬೆಂಗಳೂರಿನವರ ಜೊತೆಯೇ ಉಪವಾಸ ಮಾಡುತ್ತೇವೆ, ದಿನ ಯಾವುದಾದರೇನು" ಎನ್ನುವ ಅನಿವಾಸಿಗಳಿದ್ದಾರೆ. ಅವರ ಭಾವನೆ ಅರ್ಥವಾಗುವಂಥದ್ದೇ. ಆದರೆ ಬೆಂಗಳೂರಿನ ಜೊತೆ ಎಂದರೆ ಏನು? ಇಲ್ಲಿ ಸೂರ್ಯ ಮೂಡಿದಾಗ ನ್ಯೂಜೆರ್ಸಿಯಲ್ಲಿ ಹಿಂದಿನ ದಿನದ ರಾತ್ರಿ 8 ಗಂಟೆ. ಕ್ಯಾಲೆಂಡರಿನ ತಾರೀಖನ್ನು ಹಂಚಿಕೊಳ್ಳಬಹುದೇ ಹೊರತು ಹಗಲನ್ನು ಹಂಚಿಕೊಳ್ಳಲಾಗದು. ತಾರೀಖು ಒಂದಾಗಲೆಂದು ತಿಥಿಯನ್ನು ಬಿಟ್ಟುಕೊಟ್ಟರೆ ಉಳಿಯುವುದು ಜನವರಿ 10 ಎಂಬ ಒಂದು ಅಂಕಿ ಮಾತ್ರ.

ಅಮ್ಮನ ಪಂಚಾಂಗವೇ ಪ್ರಮಾಣ, ಅಮೆರಿಕದವರದು ರಾಜಿ ಎಂಬ ಭಾವನೆಯೂ ನಮ್ಮಲ್ಲಿ ಉಂಟು. ಅದೇ 2025ರ ಕೊನೆಯಲ್ಲಿ ಮತ್ತೊಂದು ವೈಕುಂಠ ಏಕಾದಶಿ ಬಂತು. ಆ ಸಲ ತಿಥಿ ಇಲ್ಲಿ ಆರಂಭವಾದದ್ದು ಡಿಸೆಂಬರ್ 30ರ ಬೆಳಿಗ್ಗೆ 7.50ಕ್ಕೆ, ಮುಗಿದದ್ದು 31ರ ನಸುಕಿನ 5 ಗಂಟೆಯ ಹೊತ್ತಿಗೆ. 30ರ ಸೂರ್ಯೋದಯ ಕಳೆದ ಮೇಲೆ ಹುಟ್ಟಿ, 31ರ ಸೂರ್ಯೋದಯಕ್ಕೆ ಮೊದಲೇ ಮುಗಿದ ಏಕಾದಶಿ. ಬೆಂಗಳೂರಿನ ಯಾವ ಸೂರ್ಯೋದಯಕ್ಕೂ ಅದು ಸಿಗಲಿಲ್ಲ. ತಿರುಮಲದಲ್ಲಿ 30ರಂದು ಆಚರಿಸಿದರು, ದಶಮಿಯ ವೇಧ ನೋಡುವ ವೈಷ್ಣವರಿಗೆ ಉಪವಾಸ 31ಕ್ಕೆ ಹೋಯಿತು. ಯಾವ ದಿನ ಉಪವಾಸ ಎಂಬ ಪ್ರಶ್ನೆ ಇಲ್ಲಿನ ಮನೆಮನೆಗಳಿಗೇ ಬಂದಿತ್ತು. ನ್ಯೂಜೆರ್ಸಿಯಲ್ಲಿ ಅದು 29ರ ರಾತ್ರಿ 9.20ಕ್ಕೆ ಹುಟ್ಟಿ 30ರ ಸಂಜೆ 6.30ಕ್ಕೆ ಮುಗಿಯಿತು. ಸೂರ್ಯೋದಯ, ಅರುಣೋದಯ ಎರಡಕ್ಕೂ ಶುದ್ಧ ಏಕಾದಶಿ. ಸ್ಮಾರ್ತರಿಗೂ ಮಾಧ್ವರಿಗೂ ಒಂದೇ ದಿನ. ಆ ಸಲ ಹಲಸೂರಿನ ತಾಯಿ ಫೋನ್ ಮಾಡಿದ್ದರೆ, "ನಮ್ಮದೇನೂ ಗೊಂದಲ ಇಲ್ಲಮ್ಮ, ಮೂವತ್ತೇ. ನಿಮ್ಮದು ಯಾವತ್ತು?" ಎಂದು ಕೇಳುವ ಸರದಿ ಮಗಳದಾಗಿತ್ತು.